ಡಬ್ಬಿ ಹಾಲು, 70 ಡಿಗ್ರಿ ನೀರು ಮತ್ತು ನಮ್ಮ ಅವಳಿ ಮಕ್ಕಳು

ನಮ್ಮ ಅವಳಿ ಮಕ್ಕಳು ಹುಟ್ಟಿದ್ದು ಮಾರ್ಚ್ ಕೊನೆಗೆ, 35 ವಾರಕ್ಕೇ. ಇಬ್ಬರಿಗೂ ಸಾಕಾಗುವಷ್ಟು ಎದೆಹಾಲು ಹೆಂಡತಿಗೆ ಮೊದಲ ತಿಂಗಳು ಬರಲಿಲ್ಲ. ಎದೆಹಾಲು ಕೊಟ್ಟ ಮೇಲೆ ಕಡಿಮೆ ಬಿದ್ದಷ್ಟನ್ನು ಡಬ್ಬಿ ಹಾಲಿನಲ್ಲಿ ತುಂಬಿಸಿ ಎಂದು ಮಕ್ಕಳ ಡಾಕ್ಟ್ರು ಬರೆದುಕೊಟ್ಟರು. ಬಾಟಲಿ ಬೇಡ, ಸ್ಟೀಲ್ ಲೋಟ ಮತ್ತು ಒಳಲೆ ಸಾಕು ಎಂದರು. ಬಾಟಲಿಯ ನಿಪ್ಪಲ್ ಒಳಗೆ ಹಾಲು ಅಂಟಿಕೊಂಡರೆ ಉಜ್ಜಿ ತೆಗೆಯುವುದು ಕಷ್ಟ, ಒಳಲೆಯಾದರೆ ಎಲ್ಲ ಕಣ್ಣಿಗೆ ಕಾಣುತ್ತದೆ. ಬಾಣಂತಿ ನಿದ್ದೆ ಮಾಡಲಿ ಎಂದು ರಾತ್ರಿಯ ಪಾಳಿ ನಾನು ತಗೊಂಡೆ. ಮಂಗಳೂರು ಬಿಜೈಯ ಫ್ಲ್ಯಾಟಿನ ಅಡುಗೆಮನೆಯಲ್ಲಿ ನಾನು ಕಲಿತದ್ದು ಇಷ್ಟು.

ನನಗಿದ್ದ ದೊಡ್ಡ ತಪ್ಪು ತಿಳುವಳಿಕೆ ಒಂದೇ. ನೀರು ಕುದಿಸುವುದು ನೀರಿಗಾಗಿ ಎಂದುಕೊಂಡಿದ್ದೆ. ಮನೆಯಲ್ಲಿ ಫಿಲ್ಟರ್ ಉಂಟು, ಅದನ್ನೂ ಒಮ್ಮೆ ಕುದಿಸಿ, ಆರಿಸಿಟ್ಟುಕೊಂಡು, ಬೇಕಾದಾಗ ಉಗುರುಬೆಚ್ಚಗೆ ಮಾಡಿ ಪುಡಿ ಕಲಸಿದರೆ ಆಯಿತಲ್ವಾ? ನಾವು ತಂದ ಡಬ್ಬಿಯ ಮೇಲೂ ಹಾಗೇ ಇತ್ತು: ಕುದಿಸಿ, ಉಗುರುಬೆಚ್ಚಗಾದ ಮೇಲೆ ಪುಡಿ ಹಾಕಿ. ಡಾಕ್ಟ್ರು ಅದನ್ನು ಕೇಳಿ ತಲೆ ಅಲ್ಲಾಡಿಸಿದರು. "ನೀರಿನಲ್ಲಿರುವ ರೋಗಾಣು ಕುದಿಯುವಾಗಲೇ ಸತ್ತಿತು. ಪುಡಿಯಲ್ಲಿ ಇರುವುದನ್ನು ಯಾರು ಸಾಯಿಸುವುದು?" ಎಂದರು.

ಪುಡಿ ಮುಚ್ಚಿದ ಡಬ್ಬಿಯಲ್ಲಿ ಬಂದರೂ ಅದು ಪೂರ್ತಿ ರೋಗಾಣುಮುಕ್ತ ಅಲ್ಲ. ಕ್ರೊನೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಒಣ ಪುಡಿಯಲ್ಲಿ ತಿಂಗಳುಗಟ್ಟಲೆ ಸುಮ್ನೆ ಬದುಕಿರುತ್ತದೆ. ಬೆಚ್ಚಗಿನ ನೀರು ಸಿಕ್ಕಿದರೆ ಬೆಳೆಯಲು ಶುರು. ಇದರಿಂದ ಕಾಯಿಲೆ ಬರುವುದು ಅಪರೂಪ. ಆದರೆ ಎರಡು ತಿಂಗಳೊಳಗಿನ ಮಗುವಿಗೆ, ಅವಧಿಗೆ ಮುಂಚೆ ಹುಟ್ಟಿದ ಅಥವಾ ತೂಕ ಕಡಿಮೆಯಿರುವ ಮಗುವಿಗೆ ಬಂದರೆ ಅದು ರಕ್ತಕ್ಕೆ, ಮೆದುಳಿನ ಪೊರೆಗೆ ಹರಡಬಹುದು. ನಮ್ಮ ಇಬ್ಬರೂ ಈ ಎಲ್ಲ ಪಟ್ಟಿಯಲ್ಲೂ ಇದ್ದರು. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆಯ 2007ರ ಸೂಚನೆಯಲ್ಲಿ ಪುಡಿಗೆ ಸೇರುವ ನೀರು 70 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇರಬಾರದು ಎಂದಿದೆ. ಆ ಬಿಸಿಗೆ ಪುಡಿಯೊಳಗಿನದ್ದೂ ಸಾಯುತ್ತದೆ. ಕೆಲವು ಡಬ್ಬಿಗಳಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಸೇರಿಸಿರುತ್ತಾರೆ, ಅದು ಬಿಸಿಗೆ ಉಳಿಯುವುದಿಲ್ಲ. ಡಬ್ಬಿ ಒಂದು ಹೇಳಿ ಈ ಸೂಚನೆ ಇನ್ನೊಂದು ಹೇಳುವಾಗ ನಿಮ್ಮ ಮಗುವಿಗೆ ಯಾವುದು ಎಂದು ಮಕ್ಕಳ ಡಾಕ್ಟರನ್ನು ಕೇಳಿಯೇ ತೀರ್ಮಾನಿಸಬೇಕು. ನಮ್ಮ ಡಾಕ್ಟ್ರು 70 ಎಂದರು.

ನಮ್ಮ ಅತ್ತೆಗೆ ಇದು ಒಪ್ಪಿಗೆಯಾಗಲಿಲ್ಲ. "ಎಂತ ಮಾರಾಯ್ರೆ, ಅಷ್ಟು ಬಿಸಿ ನೀರು ಹಾಕಿದ್ರೆ ಪೌಡರಿನ ಸತ್ವ ಹೋಗುವುದಿಲ್ವಾ?" ಕೆಲವು ವಿಟಮಿನ್ ಸ್ವಲ್ಪ ಕಡಿಮೆಯಾಗುವುದು ನಿಜ. ಆದರೆ ಇಷ್ಟು ಸಣ್ಣ ಮಕ್ಕಳಿಗೆ ಯಾವ ಅಪಾಯ ದೊಡ್ಡದು ಎಂದು ಡಾಕ್ಟ್ರೇ ಅವರಿಗೆ ಫೋನಿನಲ್ಲಿ ಹೇಳಿದ ಮೇಲೆ ಸುಮ್ಮನಾದರು.

ಈಗ ಪ್ರಶ್ನೆ, 70 ಡಿಗ್ರಿ ಇದೆಯೋ ಇಲ್ಲವೋ ಗೊತ್ತಾಗುವುದು ಹೇಗೆ? ಕೈಯಲ್ಲಿ ಮುಟ್ಟಿ ತಿಳಿಯುವಂಥದ್ದಲ್ಲ. ಥರ್ಮಾಮೀಟರ್ ಇಲ್ಲದವರಿಗೆ ಇರುವ ಲೆಕ್ಕ ಸುಲಭ. ಒಂದು ಲೀಟರ್ ನೀರು ಕೊತಕೊತ ಕುದಿಸಿ, ಒಲೆ ಆರಿಸಿ, ಮುಚ್ಚಳ ಮುಚ್ಚಿ, ಅರ್ಧ ಗಂಟೆಯೊಳಗೆ ಬಳಸುವುದು. ನಾನು ಅನುಮಾನದ ಮನುಷ್ಯ. ಅಡುಗೆಯ ಕಡ್ಡಿ ಥರ್ಮಾಮೀಟರ್ ಒಂದನ್ನು ತರಿಸಿ, ಬರೀ ನೀರಿನಲ್ಲಿ ಅಳೆದು ನೋಡಿದೆ. ಒಂದು ಲೀಟರ್ ಮುಚ್ಚಿಟ್ಟ ಪಾತ್ರೆಯಲ್ಲಿ ಅರ್ಧ ಗಂಟೆಗೂ 70 ದಾಟಿಯೇ ಇತ್ತು. ಆದರೆ ಎರಡು ಮಕ್ಕಳಿಗೆ ಸಾಕು ಎಂದು ನಾನು ದಿನಾ ಕುದಿಸುತ್ತಿದ್ದ ಒಂದು ಲೋಟ ನೀರು, ಮುಚ್ಚಳ ಇಲ್ಲದೆ, ಹತ್ತು ನಿಮಿಷಕ್ಕೇ 70ಕ್ಕಿಂತ ಕೆಳಗೆ ಇಳಿಯಿತು. ಅಂದರೆ ಅರ್ಧ ಗಂಟೆ ಎಂಬ ಲೆಕ್ಕ ನಡೆಯುವುದು ಒಂದು ಲೀಟರಿಗೆ. ಕಡಿಮೆ ನೀರು ಕುದಿಸಿ ಅದೇ ಲೆಕ್ಕ ಹಿಡಿದರೆ ಮೋಸ ಹೋಗುತ್ತೇವೆ.

ರಾತ್ರಿ 11, 2 ಮತ್ತು 5ಕ್ಕೆ ಹಾಲು. ಮೂರು ಸಲ ಒಲೆ ಹಚ್ಚುವುದು ಬೇಡ ಎಂದು ಫ್ಲಾಸ್ಕ್ ಹಿಡಿದೆ. ಮೊದಲು ಕುದಿಯುವ ನೀರು ಹಾಕಿ ಕುಲುಕಿ ಚೆಲ್ಲಿ, ಮತ್ತೆ ಕುದಿಯುವ ನೀರನ್ನು ಕಂಠದವರೆಗೆ ತುಂಬಿಸಿ 10:30ಕ್ಕೆ ಬಿಗಿಯಾಗಿ ಮುಚ್ಚಿಟ್ಟೆ. 2 ಗಂಟೆಗೆ ಅಳೆದಾಗ ಫ್ಲಾಸ್ಕಿನಲ್ಲಿ 83 ಇತ್ತು. 5 ಗಂಟೆಗೆ 75. ಹಾಗಾದರೆ ಸಾಕಲ್ವಾ ಎಂದುಕೊಂಡು ಲೋಟಕ್ಕೆ 60 ಮಿಲಿ ಸುರಿದು ಅಳೆದರೆ 68! ತಣ್ಣಗಿನ ಸ್ಟೀಲ್ ಲೋಟ ಏಳು ಡಿಗ್ರಿಯನ್ನು ನುಂಗಿಬಿಟ್ಟಿತ್ತು. ಸ್ವಲ್ಪ ನೀರಿರುವಾಗ ಪಾತ್ರೆಯ ತಂಪೂ ಲೆಕ್ಕಕ್ಕೆ ಬರುತ್ತದೆ ಎಂದು ನನಗೆ ಹೊಳೆದಿರಲೇ ಇಲ್ಲ. ಅಂದಿನಿಂದ ಫ್ಲಾಸ್ಕ್ ನೀರು 2 ಗಂಟೆಯವರೆಗೆ ಮಾತ್ರ, ಅದೂ ಲೋಟವನ್ನು ಅದೇ ನೀರಿನಲ್ಲಿ ಒಮ್ಮೆ ಬಿಸಿ ಮಾಡಿ ಚೆಲ್ಲಿ. 5 ಗಂಟೆಗೆ ಹೊಸದಾಗಿ ಕುದಿಸುತ್ತಿದ್ದೆ. ನಿಮ್ಮ ಫ್ಲಾಸ್ಕ್ ನನ್ನದಕ್ಕಿಂತ ಒಳ್ಳೆಯದಿರಬಹುದು, ಕೆಟ್ಟದ್ದೂ ಇರಬಹುದು. ಒಮ್ಮೆ ಅಳೆದು ನೋಡದೆ ನಂಬಬೇಡಿ.

ಕಲಸುವುದರಲ್ಲಿ ಹೇಳಬೇಕಾದ್ದು ಸ್ವಲ್ಪವೇ. ಲೋಟ, ಒಳಲೆ, ಚಮಚ ಎಲ್ಲವನ್ನೂ ಸೋಪಿನಲ್ಲಿ ಉಜ್ಜಿ ತೊಳೆದು, ನೀರಿನಲ್ಲಿ ಪೂರ್ತಿ ಮುಳುಗಿಸಿ ಹತ್ತು ನಿಮಿಷ ಕುದಿಸಿ, ಬೇಕಾಗುವವರೆಗೆ ಮುಚ್ಚಿಡುತ್ತಿದ್ದೆ. ಮೊದಲು ನೀರು ಅಳೆದು, ಆಮೇಲೆ ಪುಡಿ. ಪುಡಿ ಹಾಕಿದ ಮೇಲೆ 60ರ ಗೆರೆಗೆ ನೀರು ತುಂಬಿಸಿದರೆ ನೀರು ಕಡಿಮೆ ಬೀಳುತ್ತದೆ, ಹಾಲು ಗಟ್ಟಿಯಾಗುತ್ತದೆ. ನಮ್ಮ ಡಬ್ಬಿಯಲ್ಲಿ 30 ಮಿಲಿಗೆ ಒಂದು ಚಮಚ, ಮೇಲ್ಭಾಗ ಸಮ ಮಾಡಿ, ಒತ್ತದೆ. ಎಲ್ಲ ಡಬ್ಬಿಯ ಚಮಚ ಒಂದೇ ಅಳತೆ ಅಲ್ಲ. ಅಮೆರಿಕದಿಂದ ನೆಂಟರು ತಂದ ಡಬ್ಬಿಯ ಚಮಚ ಸುಮಾರು 60 ಮಿಲಿ ನೀರಿಗೆ ಇತ್ತು. ಅದನ್ನು ಈ ಡಬ್ಬಿಗೆ ಹಾಕಿದರೆ ಕಥೆ ಮುಗಿಯಿತು.

ಕುದಿ ನೀರಿನ ಹಾಲನ್ನು ಬೇಗ ಆರಿಸುವುದೇ ನಿಜವಾದ ತಲೆನೋವು. ಮಕ್ಕಳು ಅಳುತ್ತಿರುತ್ತಾರೆ, ಹಾಲು ಸುಡುತ್ತಿರುತ್ತದೆ. ಅತ್ತೆ ಕಾಫಿಯ ಹಾಗೆ ಲೋಟದಿಂದ ಲೋಟಕ್ಕೆ ಎತ್ತಿ ಸುರಿಯಲು ಹೊರಟರು. ಎರಡನೇ ಲೋಟ ಕುದಿಸಿದ್ದಲ್ಲ, ಮೇಲಿಂದ ನೊರೆ ಬೇರೆ. ತಣ್ಣೀರು ಬೆರೆಸುವುದೂ ಆಗದು, ಅಳತೆ ಕೆಡುತ್ತದೆ. ನಾನು ಲೋಟಕ್ಕೆ ಮುಚ್ಚಳ ಇಟ್ಟು, ಅದನ್ನು ತಣ್ಣೀರಿನ ಬೋಗುಣಿಯಲ್ಲಿ ಕೂರಿಸುತ್ತಿದ್ದೆ. ಹೊರಗಿನ ನೀರು ಲೋಟದ ಬಾಯಿಗಿಂತ ಸಾಕಷ್ಟು ಕೆಳಗಿರಬೇಕು, ಇಲ್ಲದಿದ್ದರೆ ಒಳಗೆ ನುಗ್ಗುತ್ತದೆ. ಮಂಗಳೂರಿನ ಏಪ್ರಿಲ್‌ನಲ್ಲಿ ಟೆರೇಸಿನ ಟ್ಯಾಂಕಿಯಿಂದ ಬರುವ ನೀರು ಮಧ್ಯಾಹ್ನ ಸ್ನಾನಕ್ಕೆ ಆಗುವಷ್ಟು ಬಿಸಿ. ಅದರಲ್ಲಿ ಹಾಲು ಆರುವುದೆಂದರೆ ದೇವರೇ ಗತಿ. ಹಾಗಾಗಿ ಬೋಗುಣಿಗೆ ಐಸ್ ಹಾಕಲು ಶುರು ಮಾಡಿದೆ. ಸ್ಟೀಲ್ ಲೋಟದ ಒಂದು ಲಾಭ ಇಲ್ಲಿ: ಪ್ಲಾಸ್ಟಿಕ್‌ಗಿಂತ ತುಂಬಾ ಬೇಗ ತಣ್ಣಗಾಗುತ್ತದೆ. ಹೊರಭಾಗ ಒರೆಸಿ, ಮಣಿಕಟ್ಟಿನ ಒಳಗೆ ಒಂದು ಹನಿ ಬಿಟ್ಟು ನೋಡಿ, ಬಿಸಿ ಅನ್ನಿಸದಿದ್ದರೆ ಸರಿ.

ಉಳಿದ ಹಾಲಿನದ್ದು ಇನ್ನೊಂದು ಜಗಳ. ದೊಡ್ಡವನು 60ರಲ್ಲಿ 35 ಕುಡಿದು ನಿದ್ದೆ ಹೋಗುತ್ತಿದ್ದ. ಡಬ್ಬಿಯ ಬೆಲೆ ಗೊತ್ತಿದ್ದವರಿಗೆ ಚೆಲ್ಲಲು ಮನಸ್ಸು ಬರುವುದಿಲ್ಲ. ಒಂದು ದಿನ ಅತ್ತೆ ಅದನ್ನು ಮುಚ್ಚಿಟ್ಟು, ಮೂರು ಗಂಟೆಯ ಮೇಲೆ ಬಿಸಿ ಮಾಡಿ ಕೊಡಲು ಹೊರಟಿದ್ದನ್ನು ನಾನು ನೋಡಿದೆ. ವಾಸನೆ ನೋಡಿದರು, ರುಚಿ ನೋಡಿದರು, "ಹುಳಿ ಇಲ್ಲವಲ್ಲ" ಎಂದರು. ಕೆಟ್ಟ ರೋಗಾಣು ಬೆಳೆದ ಹಾಲು ಹುಳಿಯಾಗಿಯೇ ಇರಬೇಕೆಂದಿಲ್ಲ. ಒಳಲೆ ಮಗುವಿನ ಬಾಯಿಗೆ ತಾಗಿ ಮತ್ತೆ ಲೋಟಕ್ಕೆ ಬಂದಾಗ ಎಂಜಲಿನ ಜೊತೆ ಬ್ಯಾಕ್ಟೀರಿಯಾವೂ ಹಾಲಿಗೆ ಸೇರುತ್ತದೆ. ಉಗುರುಬೆಚ್ಚಗಿನ ಹಾಲು, ಮೇಲಿಂದ ನಮ್ಮ ಊರಿನ ಸೆಕೆ. ಮತ್ತೆ ಬಿಸಿ ಮಾಡಿದರೆ ಸರಿಹೋಗುವುದಿಲ್ಲ, ಇನ್ನೂ ಬೆಳೆಯಲು ಅನುಕೂಲ ಅಷ್ಟೇ. ನಮ್ಮ ಮನೆಯ ನಿಯಮ ಹೀಗಾಯಿತು: ಕುಡಿಯಲು ಶುರು ಮಾಡಿದ ಹಾಲು ಒಂದು ಗಂಟೆಯೊಳಗೆ ಮುಗಿಯದಿದ್ದರೆ ಸಿಂಕಿಗೆ. ಬಾಯಿ ತಾಗದಿದ್ದರೂ ಕಲಸಿ ಎರಡು ಗಂಟೆಯಾದರೆ ಸಿಂಕಿಗೆ. ಜಗಳ ಕಡಿಮೆಯಾದದ್ದು ಇನ್ನೊಂದು ಉಪಾಯದಿಂದ. 60ರ ಬದಲು ಮೊದಲು 30 ಕಲಸಿ, ಇನ್ನೂ ಬೇಕೆಂದರೆ ಮತ್ತೆ 30. ಕೆಲಸ ಜಾಸ್ತಿ, ಆದರೆ ಚೆಲ್ಲುವುದು ಅರ್ಧಕ್ಕಿಂತ ಕಡಿಮೆಯಾಯಿತು.

ಜೂನ್‌ನಲ್ಲಿ ನನಗೆ ಆಫೀಸು ಶುರುವಾಯಿತು. ಮುಂಚೆಯೇ ಕಲಸಿ ಫ್ರಿಜ್ಜಿನಲ್ಲಿಡುವ ಆಸೆ ಹುಟ್ಟಿತು. ಬಾಯಿ ತಾಗದ ಹಾಲನ್ನು ಬೇಗ ತಣ್ಣಗೆ ಮಾಡಿ, ಬಾಗಿಲಲ್ಲಲ್ಲ, ಹಿಂಭಾಗದ ತಟ್ಟೆಯಲ್ಲಿ, 5 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆಯಲ್ಲಿ ಇಟ್ಟರೆ 24 ಗಂಟೆ ಇಡಬಹುದು. ಕೊಡುವಾಗ ಬಿಸಿನೀರಿನಲ್ಲಿ ಲೋಟ ಇಟ್ಟು ಬೆಚ್ಚಗೆ ಮಾಡಬೇಕು, 15 ನಿಮಿಷಕ್ಕಿಂತ ಹೆಚ್ಚಲ್ಲ. ಮೈಕ್ರೋವೇವ್ ಬೇಡ, ಒಂದು ಕಡೆ ತಣ್ಣಗೆ, ಇನ್ನೊಂದು ಕಡೆ ನಾಲಿಗೆ ಸುಡುವಷ್ಟು ಬಿಸಿಯಾಗುತ್ತದೆ. ಮೂರು ದಿನ ಚೆನ್ನಾಗಿ ನಡೆಯಿತು. ನಾಲ್ಕನೇ ದಿನ ಗಾಳಿಮಳೆ, ಮಧ್ಯರಾತ್ರಿ ಕರೆಂಟ್ ಹೋಯಿತು, ಬೆಳಿಗ್ಗೆ ಐದಕ್ಕೆ ಬಂತು. ಥರ್ಮಾಮೀಟರ್ ಇಟ್ಟು ನೋಡಿದೆ, ಹಿಂಭಾಗದಲ್ಲೇ 11 ಡಿಗ್ರಿ. ಎಷ್ಟು ಹೊತ್ತಿನಿಂದ ಹಾಗಿತ್ತೋ ಗೊತ್ತಿಲ್ಲ. ನಾಲ್ಕು ಲೋಟ ಹಾಲು ಸಿಂಕಿಗೆ ಸುರಿದೆ. ಈ ಸಲ ಅತ್ತೆ ಏನೂ ಹೇಳಲಿಲ್ಲ.

ಮಳೆಗಾಲದಲ್ಲಿ ಪುಡಿಯ ಮೇಲೂ ಕಣ್ಣಿರಬೇಕು. ಡಬ್ಬಿಯನ್ನು ಫ್ರಿಜ್ಜಿನಲ್ಲಿಡಬಾರದು, ಹೊರಗೆ ತೆಗೆದಾಗ ಒಳಗೆ ಪಸೆ ಕಟ್ಟುತ್ತದೆ. ಒಣಗಿದ ಚಮಚ, ತಕ್ಷಣ ಮುಚ್ಚಳ, ತೆರೆದ ದಿನ ಮುಚ್ಚಳದ ಮೇಲೆ ಮಾರ್ಕರಿನಲ್ಲಿ. ನಮ್ಮದು ತೆರೆದು ಮೂರು ವಾರದೊಳಗೆ ಮುಗಿಸಬೇಕಾದ ಡಬ್ಬಿ. ಒಮ್ಮೆ ಬೆರಳಲ್ಲಿ ಒಡೆಯದ ಗಂಟುಗಳು ಕಂಡವು, ಒದ್ದೆ ಚಮಚ ಹೋಗಿರಬೇಕು, ಅದನ್ನು ಬಿಟ್ಟೆವು.

ಕರೆಂಟಿನ ಆ ರಾತ್ರಿಯ ನಂತರ ಕಲಸಿ ಇಡುವುದನ್ನೇ ಬಿಟ್ಟೆ. ಉಡುಪಿಗೆ ಅಜ್ಜಿ ಮನೆಗೆ ಹೋಗುವಾಗಲೂ ಬೆಳಿಗ್ಗೆ ಕುದಿಸಿದ ನೀರು ತುಂಬಿದ ಫ್ಲಾಸ್ಕ್, ಕುದಿಸಿ ಒಣಗಿಸಿದ ಸಣ್ಣ ಡಬ್ಬಿಯಲ್ಲಿ ಎರಡು ಚಮಚದಂತೆ ಅಳೆದ ಪುಡಿ, ಮುಚ್ಚಳವಿರುವ ಲೋಟ. ಪಡುಬಿದ್ರಿ ದಾಟುವಾಗ ಚಿಕ್ಕವನು ಎದ್ದ. ಕಾರು ಬದಿಗೆ ನಿಲ್ಲಿಸಿ ಕಲಸಿ, ಅಂಗಡಿಯಿಂದ ತಂದ ತಣ್ಣಗಿನ ನೀರಿನ ಬಾಟಲಿಯನ್ನು ಲೋಟದ ಹೊರಮೈಗೆ ಸುರಿದು ಆರಿಸಿದೆ. ಕುಡಿದು ಮುಗಿಸಿದ, 10 ಮಿಲಿ ಉಳಿಯಿತು, ರಸ್ತೆ ಬದಿಯ ಹುಲ್ಲಿಗೆ ಚೆಲ್ಲಿದೆ.