ಮಾರಾಟ ಏರಿತು, ಲಾಭ ಇಳಿಯಿತು: ಒಂದು ವಾಟರ್‌ಫಾಲ್ ಚಾರ್ಟಿನ ಲೆಕ್ಕ

ಎರಡು ತ್ರೈಮಾಸಿಕಗಳ ಪಿ ಅಂಡ್ ಎಲ್, ಅಂದರೆ ಲಾಭ–ನಷ್ಟದ ಪಟ್ಟಿ, ಪಕ್ಕಪಕ್ಕ ಇಟ್ಟರೆ ಸಾಕು, ಚಾರ್ಟ್ ಗೀರ್ಟ್ ಎಲ್ಲ ಷೋಕಿ ಎನ್ನುವವರು ಲೆಕ್ಕದ ಕೋಣೆಯಲ್ಲಿ ಯಾವಾಗಲೂ ಇರುತ್ತಾರೆ. ನಮ್ಮಲ್ಲೂ ಇದ್ದರು. ಹಳೆಯ ಲಾಭದಿಂದ ಹೊಸ ಲಾಭದವರೆಗೆ ಏನು ಏರಿಸಿತು, ಏನು ಇಳಿಸಿತು ಎಂದು ಕಂಬ ಕಂಬವಾಗಿ ತೋರಿಸುವ ವಾಟರ್‌ಫಾಲ್ ಚಾರ್ಟ್ ಬಂದ ಮೇಲೆ ಅವರೇ ಪ್ರತಿ ಸಲ ಅದನ್ನು ಮೊದಲು ಕೇಳುತ್ತಾರೆ ಎಂದು ಸ್ವಲ್ಪ ಜಂಬದಿಂದಲೇ ಹೇಳುತ್ತೇನೆ.

ಕಾಫಿ ಪುಡಿಯ ಸಣ್ಣ ಕಾರ್ಖಾನೆ. ಎರಡೇ ಮಾಲು: ಶುದ್ಧ ಕಾಫಿ ಪುಡಿ, ಚಿಕೋರಿ ಬೆರೆಸಿದ ಪುಡಿ. ಅಂಕಿಗಳು ನೆನಪಿನಿಂದ ಕೊಟ್ಟಿದ್ದು, ದುಂಡಗೆ ಮಾಡಿದ್ದು. ಜುಲೈ–ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಬಿಟ್ಟು ಮಾರಾಟ 360 ಲಕ್ಷ, ಲಾಭ 42 ಲಕ್ಷ. ಅಕ್ಟೋಬರ್–ಡಿಸೆಂಬರ್‌ನಲ್ಲಿ ಮಾರಾಟ 417.6 ಲಕ್ಷ, ಲಾಭ 39 ಲಕ್ಷ. ಮಾರಾಟ ನೂರಕ್ಕೆ 16ರಷ್ಟು ಏರಿದೆ, ಲಾಭ 3 ಲಕ್ಷ ಬಿದ್ದಿದೆ. ಪಕ್ಕಪಕ್ಕ ಇಟ್ಟ ಪಿ ಅಂಡ್ ಎಲ್‌ನಲ್ಲಿ "ಕಚ್ಚಾ ಮಾಲು ಏರಿದೆ" ಎಂಬುದಷ್ಟೇ ಕಾಣುತ್ತದೆ. ಹೆಚ್ಚು ಪುಡಿ ಮಾಡಿದ್ದಕ್ಕೆ ಏರಿತೋ, ಬೀಜ ತುಟ್ಟಿಯಾಗಿ ಏರಿತೋ ಎಂದು ಅದು ಹೇಳುವುದಿಲ್ಲ.

ನಮ್ಮ ಮೊದಲ ಚಾರ್ಟ್ ಸೋತದ್ದು ಇಲ್ಲೇ. ಪಿ ಅಂಡ್ ಎಲ್‌ನ ಸಾಲುಗಳನ್ನೇ ಕಂಬ ಮಾಡಿದ್ದೆವು: ಮಾರಾಟ ಮೇಲಕ್ಕೆ 57.6, ಕಚ್ಚಾ ಮಾಲು ಕೆಳಕ್ಕೆ 55.8. ಎರಡು ದೈತ್ಯ ಕಂಬಗಳ ಪಕ್ಕ ಉಳಿದವೆಲ್ಲ ಸಾಸಿವೆ ಕಾಳು. ನೋಡಿದವರು "ಸರಿ, ಮುಂದೆ?" ಎಂದರು, ಅಷ್ಟೇ. ಕಂಬಗಳು ಖಾತೆಯ ಹೆಸರಲ್ಲಿ ಇರಬಾರದು, ಕಾರಣದ ಹೆಸರಲ್ಲಿ ಇರಬೇಕು. ಈ ಮಾತು ತಲೆಗೆ ಹತ್ತುವ ಮೊದಲು ಒಂದು ಆಡ್-ಇನ್‌ಗೆ ಹದಿನೈದು ಸಾವಿರದಷ್ಟು ಸುರಿದಿದ್ದೆವು. ಬಣ್ಣ ಚೆನ್ನಾಗಿ ಬಂತು, ಉತ್ತರ ಬರಲಿಲ್ಲ.

ಬೇಕಾದದ್ದು ಪ್ರತಿ ಮಾಲಿಗೆ ಮೂರೇ ಅಂಕಿ: ಎಷ್ಟು ಕೆಜಿ, ಕೆಜಿಗೆ ಮಾರಿದ ದರ, ಕೆಜಿಗೆ ಬಿದ್ದ ಖರ್ಚು. ಖರ್ಚು ಎಂದರೆ ಕೆಜಿ ಹೆಚ್ಚಾದಂತೆ ಹೆಚ್ಚುವುದು ಮಾತ್ರ, ಅಂದರೆ ಬೀಜ, ಚಿಕೋರಿ, ಗ್ಯಾಸ್, ಪ್ಯಾಕಿಂಗ್. ಶುದ್ಧ ಪುಡಿ 20,000 ಕೆಜಿ ಹೋಗುತ್ತಿದ್ದದ್ದು 18,000ಕ್ಕೆ ಇಳಿಯಿತು. ದರ 600ರಿಂದ 640ಕ್ಕೆ, ಖರ್ಚು 420ರಿಂದ 470ಕ್ಕೆ. ಚಿಕೋರಿ ಪುಡಿ 60,000ದಿಂದ 72,000 ಕೆಜಿಗೆ ಏರಿತು. ದರ 400ರಿಂದ 420ಕ್ಕೆ, ಖರ್ಚು 310ರಿಂದ 335ಕ್ಕೆ. ಕೆಜಿಗೆ ಉಳಿಯುತ್ತಿದ್ದದ್ದು, ಅಂದರೆ ಮಾರ್ಜಿನ್, ಶುದ್ಧ ಪುಡಿಯಲ್ಲಿ 180, ಚಿಕೋರಿಯಲ್ಲಿ 90. ಅದು 170 ಮತ್ತು 85 ಆಯಿತು.

ಈಗ ಕಂಬಗಳು. ಮೊದಲನೆಯದು ಪ್ರಮಾಣ. ಒಟ್ಟು ಕೆಜಿ 80,000ದಿಂದ 90,000 ಆಗಿದೆ. ಹಿಂದಿನ ತ್ರೈಮಾಸಿಕದಲ್ಲಿ 80,000 ಕೆಜಿಯಿಂದ ಉಳಿದದ್ದು 90 ಲಕ್ಷ, ಸರಾಸರಿ ಕೆಜಿಗೆ 112.50. ಹೆಚ್ಚಿನ 10,000 ಕೆಜಿಗೆ 11.25 ಲಕ್ಷ, ಮೇಲಕ್ಕೆ.

ಎರಡನೆಯದು ಮಿಕ್ಸ್. ಹೆಚ್ಚಿನ ಜನ ಬಿಟ್ಟುಬಿಡುವ ಕಂಬ ಇದು. ಹಿಂದೆ ನೂರರಲ್ಲಿ 25 ಕೆಜಿ ಶುದ್ಧ ಪುಡಿ ಇತ್ತು, ಈಗ 20. ಹಳೆಯ ಪಾಲೇ ಉಳಿದಿದ್ದರೆ 22,500 ಕೆಜಿ ಶುದ್ಧ ಪುಡಿ ಹೋಗಬೇಕಿತ್ತು. 4,500 ಕೆಜಿ ಕಡಿಮೆ ಹೋಗಿದೆ, ಅದರ ಜಾಗಕ್ಕೆ ಅಷ್ಟೇ ಚಿಕೋರಿ ಪುಡಿ ಬಂದಿದೆ. ಕೆಜಿಗೆ 180 ಕಳೆದುಕೊಂಡು 90 ಗಳಿಸಿದರೆ 4.05 ಲಕ್ಷ ಕೆಳಕ್ಕೆ. ಈ ಕಂಬ ಇಲ್ಲದಿದ್ದರೆ ಪ್ರಮಾಣದ್ದು 7.2 ಲಕ್ಷ ಎಂದು ಮಾತ್ರ ಕಾಣುತ್ತದೆ. ಗಿರಾಕಿ ಅಗ್ಗದ ಡಬ್ಬಿಗೆ ಜಾರುತ್ತಿದ್ದಾನೆ ಎಂಬ ಸುದ್ದಿ ಅದರೊಳಗೆ ಹೂತುಹೋಗುತ್ತದೆ.

ಮೂರನೆಯದು ಮಾರಾಟ ದರ. 18,000 ಕೆಜಿಗೆ 40ರಂತೆ, 72,000 ಕೆಜಿಗೆ 20ರಂತೆ ಒಟ್ಟು 21.6 ಲಕ್ಷ ಮೇಲಕ್ಕೆ. ನಾಲ್ಕನೆಯದು ಕೆಜಿ ಖರ್ಚು. ಅದೇ ಕೆಜಿಗಳಿಗೆ 50 ಮತ್ತು 25ರಂತೆ 27 ಲಕ್ಷ ಕೆಳಕ್ಕೆ. ಮಾರಾಟ ಏರಿದಂತೆ ಲಾಭ ಏರದಿದ್ದದ್ದಕ್ಕೆ ಉತ್ತರ ಈ ಎರಡು ಕಂಬಗಳ ನಡುವೆ ಇದೆ: ಬೀಜ ತುಟ್ಟಿಯಾಯಿತು, ನಾವು ದರ ಏರಿಸಿದೆವು, ಆದರೆ 5.4 ಲಕ್ಷ ಸಾಲದೆ ಬಂತು.

ಇಲ್ಲಿ ಒಂದು ತಗಾದೆ ಖಂಡಿತ ಬರುತ್ತದೆ. ದರದ ಏರಿಕೆಯನ್ನು ಹೊಸ ಕೆಜಿಗೆ ಗುಣಿಸಿದರೆ 21.6, ಹಳೆಯ ಕೆಜಿಗೆ ಗುಣಿಸಿದರೆ 20. ನಡುವಿನ 1.6 ಲಕ್ಷ ಯಾರದ್ದು? ಹೆಚ್ಚು ಕೆಜಿ, ಹೆಚ್ಚು ದರ, ಎರಡೂ ಸೇರಿ ಹುಟ್ಟಿದ್ದು ಅದು; ಎತ್ತ ಹಾಕಿದರೂ ತಪ್ಪಲ್ಲ. ಪ್ರಮಾಣ ಮತ್ತು ಮಿಕ್ಸ್ ಹಳೆಯ ಮಾರ್ಜಿನ್ ಮೇಲೆ, ದರ ಮತ್ತು ಖರ್ಚು ಹೊಸ ಕೆಜಿ ಮೇಲೆ ಎಂದು ಒಂದು ಸಾಲು ಬರೆದು ಚಾರ್ಟಿನ ಅಡಿಯಲ್ಲೇ ಅಂಟಿಸಿದ್ದೇವೆ. ಮಾರಾಟದವರು ಒಂದು ತ್ರೈಮಾಸಿಕ ಹೀಗೆ, ಇನ್ನೊಂದು ಹಾಗೆ ಎಂದು ಎಳೆದಾಡುವುದು ಅಲ್ಲಿಗೆ ನಿಂತಿತು.

ಕೆಜಿ ಲೆಕ್ಕ ಟ್ಯಾಲಿಯಿಂದ ತೆಗೆಯುವಾಗ ಒಂದು ಗುಂಡಿ ಇದೆ. ಹಬ್ಬದ ಸ್ಕೀಮಿನಲ್ಲಿ ಹತ್ತಕ್ಕೊಂದು ಪ್ಯಾಕೆಟ್ ಪುಕ್ಕಟೆ ಕೊಟ್ಟರೆ ಅದರ ಕೆಜಿ ಸ್ಟಾಕಿನಿಂದ ಹೊರಗೆ ಹೋಗುತ್ತದೆ, ರೂಪಾಯಿ ಬರುವುದಿಲ್ಲ. ಅದನ್ನು ಸೇರಿಸಿ ಭಾಗಿಸಿದರೆ ಸರಾಸರಿ ದರ ಬೀಳುತ್ತದೆ, ಪ್ರಮಾಣದ ಕಂಬ ಸುಳ್ಳೇ ಉಬ್ಬುತ್ತದೆ. ನಮ್ಮದು ಒಮ್ಮೆ ಹೀಗೇ ಉಬ್ಬಿ, ಎರಡು ದಿನ ತಲೆ ಕೆಡಿಸಿತು. ಪುಕ್ಕಟೆ ಕೆಜಿ ಬಿಟ್ಟು ಎಣಿಸಿ, ಅದರ ಖರ್ಚನ್ನು ಬೇರೆಯಾಗಿ ಪ್ರಚಾರಕ್ಕೆ ಹಾಕಿದ ಮೇಲೆಯೇ ಮೇಲಿನ ಅಂಕಿ ಬಂದದ್ದು. ಸ್ಕೀಮಿನ ಕ್ರೆಡಿಟ್ ನೋಟ್ ಎರಡು ಮಾಲಿಗೂ ಸೇರಿ ಬಂದಾಗ ಹೇಗೆ ಹಂಚುತ್ತೇವೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅಷ್ಟು ಗುಟ್ಟು ನಮ್ಮಲ್ಲೇ ಇರಲಿ.

ಉಳಿದ ಕಂಬಗಳು ಸುಲಭ. ಬೋನಸ್ 4.8 ಕೆಳಕ್ಕೆ, ಪ್ರಚಾರ 2.1 ಕೆಳಕ್ಕೆ, ಚಿಲ್ಲರೆ ಖರ್ಚು 0.4 ಕೆಳಕ್ಕೆ, ಹಳೆಯ ಹುರಿಯುವ ಯಂತ್ರ ಮಾರಿದ ಲಾಭ 2.5 ಮೇಲಕ್ಕೆ. ಕೂಡಿದರೆ ಸರಿಯಾಗಿ 39.

ಎಕ್ಸೆಲ್ 2016ರಿಂದ ಈ ಚಾರ್ಟ್ ಒಳಗೇ ಇದೆ. ಹೆಸರಿನ ಕಾಲಂ, ಅಂಕಿಯ ಕಾಲಂ, ಕೆಳಗಿಳಿಯುವುದಕ್ಕೆ ಮೈನಸ್. ಪಿವೋಟ್ ಟೇಬಲಿನ ಮೇಲೆ ನೇರವಾಗಿ ಬರುವುದಿಲ್ಲ, ಅಂಕಿಗಳನ್ನು ಬೇರೆ ಕಡೆ ಇಳಿಸಿಕೊಳ್ಳಬೇಕು. ಕೊನೆಯ ಕಂಬದ ಮೇಲೆ ಎರಡು ಬಾರಿ ಬಿಡಿಬಿಡಿಯಾಗಿ ಕ್ಲಿಕ್ಕಿಸಿ, ಬಲ ಕ್ಲಿಕ್ಕಿನಲ್ಲಿ `Set as total` ಕೊಡದಿದ್ದರೆ ಅದು 39ರ ಮೇಲೆ ಇನ್ನೊಂದು 39 ಏರಿ 78ಕ್ಕೆ ಮುಟ್ಟುತ್ತದೆ. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇದು: `Set as total` ಕೊಟ್ಟ ಕಂಬ ಸೆಲ್ಲಿನಲ್ಲಿರುವ ಅಂಕಿಯನ್ನು ಸೊನ್ನೆಯಿಂದ ಎಳೆಯುತ್ತದೆ, ಹಿಂದಿನ ಕಂಬಗಳನ್ನು ಕೂಡಿ ನೋಡುವುದಿಲ್ಲ. ನಡುವಿನ ಒಂದು ಕಂಬ ಬಿಟ್ಟುಹೋದರೂ ಚಾರ್ಟ್ ತೆಪ್ಪಗಿರುತ್ತದೆ. ಹಾಗಾಗಿ ಕೊನೆಯ ಅಂಕಿಯನ್ನು ಕೂಡಿಸಿ ತರಬೇಡಿ, ಪಿ ಅಂಡ್ ಎಲ್‌ನಿಂದ ತನ್ನಿ, ಪಕ್ಕದಲ್ಲಿ ಒಂದು ತಾಳೆ ಸೆಲ್ ಇಡಿ. B2 ಆರಂಭ, B11 ಕೊನೆ ಎಂದಿಟ್ಟುಕೊಂಡರೆ:

```
=ROUND(SUM(B2:B10)-B11,2)
```

ಸೊನ್ನೆ ಬರದಿದ್ದರೆ ಚಾರ್ಟ್ ಯಾರಿಗೂ ಕಳಿಸಬೇಡಿ. "ಇತರೆ" ಎಂಬ ಕಂಬಕ್ಕೆ ವ್ಯತ್ಯಾಸ ತುಂಬಿ ಮುಚ್ಚುವುದು ಹಳೆಯ ಚಾಳಿ. ನಮ್ಮಲ್ಲಿ ಒಮ್ಮೆ ಆ "ಇತರೆ"ಯೊಳಗೆ ಎರಡು ಸಲ ಎಂಟ್ರಿಯಾದ ಬಾಡಿಗೆ ಕೂತಿತ್ತು.

ಹಳೆಯ ಎಕ್ಸೆಲ್ ಇರುವವರು ಸ್ಟ್ಯಾಕ್ಡ್ ಕಾಲಂ ಮಾಡಿ ಅಡಿಯ ತುಂಡಿನ ಬಣ್ಣ ತೆಗೆಯುತ್ತಾರೆ. ಲಾಭ ಸೊನ್ನೆಯ ಮೇಲೇ ಇರುವವರೆಗೆ ಅದು ನಡೆಯುತ್ತದೆ. ನಡುವೆ ಒಂದು ಕಂಬ ನಷ್ಟದೊಳಗೆ ಇಳಿದರೆ ತುಂಡುಗಳು ಅಡ್ಡಾದಿಡ್ಡಿ ಬೀಳುತ್ತವೆ. ಅದಕ್ಕೆ ನಮಗೆ ಒದಗಿದ ದಾರಿ ಬೇರೆ: ಲೈನ್ ಚಾರ್ಟ್‌ನಲ್ಲಿ ಎರಡು ಗೆರೆ ಹಾಕಿ, ಒಂದು ಪ್ರತಿ ಕಂಬದ ಮೊದಲ ಮಟ್ಟ, ಇನ್ನೊಂದು ಕೊನೆಯ ಮಟ್ಟ. `Up/Down Bars` ಸೇರಿಸಿ, ಗೆರೆಗಳ ಬಣ್ಣ ತೆಗೆದುಬಿಡಿ. ಏರಿದ್ದಕ್ಕೊಂದು, ಇಳಿದದ್ದಕ್ಕೊಂದು ಬಣ್ಣ ತಾನೇ ಬರುತ್ತದೆ, ಸೊನ್ನೆ ದಾಟಿದರೂ ಕೆಡುವುದಿಲ್ಲ. ಆರಂಭ ಮತ್ತು ಕೊನೆಯ ಕಂಬಗಳಿಗೆ ಮೊದಲ ಮಟ್ಟ ಸೊನ್ನೆ ಕೊಟ್ಟರಾಯಿತು.

ಅಕ್ಷವನ್ನು 30ರಿಂದ ಶುರು ಮಾಡುವ ಆಸೆ ಬರುತ್ತದೆ, ಸಣ್ಣ ಕಂಬಗಳು ದಪ್ಪ ಕಾಣಲಿ ಎಂದು. ಹಾಗೆ ಮಾಡಿ ನೋಡಿದೆವು. 42 ಮತ್ತು 39 ಎಂಬ ಎರಡು ಕಂಬಗಳಲ್ಲಿ ಎರಡನೆಯದು ಮೊದಲನೆಯದರ ಮುಕ್ಕಾಲು ಎತ್ತರಕ್ಕೆ ಕುಸಿಯಿತು. ನೋಡಿದ ಯಜಮಾನರು ಕಾಲು ಭಾಗ ಲಾಭ ಹೋಯಿತು ಎಂದೇ ತಿಳಿದರು. ಮತ್ತೆ ಸೊನ್ನೆಗೇ ತಂದೆವು. 0.4ರ ಚಿಲ್ಲರೆಯನ್ನು ಪ್ರಚಾರದ ಜೊತೆ ಸೇರಿಸಿದರೆ ಎತ್ತರದ ತೊಂದರೆ ಅರ್ಧ ಕಡಿಮೆಯಾಗುತ್ತದೆ.

ಆ 27 ಲಕ್ಷದ ಕಂಬವನ್ನು ಇನ್ನೂ ಒಡೆಯಬಹುದೇ ಎಂದು ಒಂದು ಪ್ರಯೋಗ ಮಾಡಿದೆವು. ಬೀಜ ಹುರಿದಾಗ ತೂಕ ಇಳಿಯುತ್ತದೆ. ಶುದ್ಧ ಪುಡಿಯಲ್ಲಿ 100 ಕೆಜಿ ಬೀಜಕ್ಕೆ 84 ಕೆಜಿ ಬರುತ್ತಿದ್ದದ್ದು 83ಕ್ಕೆ ಇಳಿದಿತ್ತು, ಹುರಿತ ಸ್ವಲ್ಪ ಕಡುವಾಗಿತ್ತು. ಬೀಜದ ಹಳೆಯ ದರ 320ರಲ್ಲಿ ಈ ಒಂದು ಕೆಜಿಯ ಇಳಿತ ಪುಡಿಯ ಕೆಜಿಗೆ ನಾಲ್ಕೂವರೆ ರೂಪಾಯಿ, 18,000 ಕೆಜಿಗೆ 80 ಸಾವಿರದ ಆಸುಪಾಸು. ಕಂಬವಾಗಿ ನಿಲ್ಲುವಷ್ಟು ದೊಡ್ಡದಲ್ಲ, ಆದರೆ ಹುರಿಯುವವರ ಜೊತೆ ಮಾತಾಡುವಷ್ಟು ದೊಡ್ಡದು. ಚಿಕೋರಿ ಪುಡಿಯಲ್ಲಿ ಪಾಕವನ್ನೇ ಬದಲಿಸಿ ಖರ್ಚು ಇಳಿಸುವವರಿಗೂ ಇದೇ ಜಾಗ, ಆದರೆ ಕಾಫಿ ಅಂಶ ನೂರಕ್ಕೆ 51ಕ್ಕಿಂತ ಕೆಳಗೆ ಹೋಗುವಂತಿಲ್ಲ. ಇನ್ನೊಂದು: ಸ್ಟಾಕನ್ನು ಮೊದಲು ಬಂದದ್ದು ಮೊದಲು ಹೋಯಿತು ಎಂಬ ಲೆಕ್ಕದಲ್ಲಿ ಇಟ್ಟರೆ, ಗೋದಾಮಿನಲ್ಲಿ ಹಳೆಯ ಅಗ್ಗದ ಬೀಜ ಇರುವವರೆಗೆ ಈ ಕಂಬ ಮಾರುಕಟ್ಟೆಗಿಂತ ಹಿಂದೆ ಓಡುತ್ತದೆ. ಹೊರಗೆ ಬೀಜ ಏರಿದ್ದೂ ಚಾರ್ಟಿನಲ್ಲಿ ಏರದಿದ್ದರೆ ಗಾಬರಿ ಬೇಡ, ಮುಂದಿನ ತ್ರೈಮಾಸಿಕದಲ್ಲಿ ಬರುತ್ತದೆ.

ಕೊನೆಗೆ ಬೋನಸ್. ವರ್ಷದ ಬೋನಸ್ ದೀಪಾವಳಿಗೆ ಕೊಟ್ಟ ದಿನವೇ ಪೂರ್ತಿ ಖರ್ಚು ಹಾಕಿದ್ದರಿಂದ 4.8ರ ಕಂಬ ಎದ್ದಿತು. ತ್ರೈಮಾಸಿಕಕ್ಕೆ 1.2ರಂತೆ ಎತ್ತಿಡುತ್ತಾ ಹೋಗಿದ್ದರೆ ಹಿಂದಿನ ಲಾಭ 40.8, ಈಗಿನದು 42.6, ಯಂತ್ರ ಮಾರಿದ 2.5 ತೆಗೆದರೆ 40.1. ಅಂದರೆ ಬಿದ್ದದ್ದು 3 ಲಕ್ಷ ಅಲ್ಲ, 70 ಸಾವಿರ. ಹಾಗೆಂದು 42 ಮತ್ತು 39 ತಿದ್ದಲಿಲ್ಲ, ಲೆಕ್ಕದ ಪುಸ್ತಕಕ್ಕೆ ತಾಳೆಯಾಗಬೇಕಲ್ಲ. ಬೋನಸ್ ಮತ್ತು ಯಂತ್ರದ ಕಂಬಗಳನ್ನು ಬಲಗಡೆಗೆ ತಳ್ಳಿ ಬೂದು ಬಣ್ಣ ಕೊಟ್ಟೆವು, ಅವುಗಳ ಎಡಕ್ಕೆ ಒಂದು ಉಪಮೊತ್ತದ ಕಂಬ ನಿಲ್ಲಿಸಿದೆವು: 41.3. ಅದಕ್ಕೂ `Set as total` ಬೇಕು, ಮೇಲಿನ ತಾಳೆ ಸೆಲ್ಲಿನ ಕೂಡುವಿಕೆಯಿಂದ ಅದನ್ನು ಹೊರಗಿಡಬೇಕು. ಜನವರಿ–ಮಾರ್ಚ್ ಚಾರ್ಟಿನಲ್ಲಿ ಇದೇ 4.8 ಮೇಲಕ್ಕೆ ತಿರುಗಿ, 2.5 ಕೆಳಕ್ಕೆ ತಿರುಗಿ ಬರುತ್ತವೆ. ಅವಕ್ಕೂ ಅದೇ ಬೂದು ಬಣ್ಣ.