ಕಕ್ಕಡದ ಮಳೇಲಿ ಯಾವ ಬಾಕ್ಸ್ ಸತ್ತಿದೆ, ಯಾವುದು ಲೇಟು: ಫೈ ಡಿಟೆಕ್ಟರ್, ನನ್ನ ಅನುಭವ

ಕೊಡಗಿನ ಕಾಫಿ ತೋಟಗಳಲ್ಲಿ ಮಳೆ ಅಳೆಯೋ ಸೆನ್ಸರ್‌ಗಳ ಡೇಟಾ ಎತ್ಕೊಳ್ಳೋ ಸಣ್ಣ ಬಾಕ್ಸ್‌ಗಳನ್ನ ನಾವು ನೋಡ್ಕೊಳ್ತೀವಿ. ಪ್ರತಿ ಬಾಕ್ಸೂ 10 ಸೆಕೆಂಡಿಗೊಂದು ಸಲ ಬದುಕಿದೀನಿ ಅಂತ ಹಾರ್ಟ್‌ಬೀಟ್ ಕಳಿಸುತ್ತೆ, ಒಂದು ಸತ್ರೆ ಅದರ ಸೆನ್ಸರ್‌ಗಳನ್ನ ಪಕ್ಕದ ತೋಟದ ಬಾಕ್ಸ್ ವಹಿಸ್ಕೊಳ್ಳುತ್ತೆ, ಜೊತೆಗೆ ತೋಟದ ಉಸ್ತುವಾರಿ ನೋಡ್ಕೊಳ್ಳೋ ರೈಟರ್ ಫೋನಿಗೆ ಒಂದು ಮೆಸೇಜ್.

ಮೊದಲು ಟೈಮೌಟ್ 30 ಸೆಕೆಂಡ್ ಅಂತ ಫಿಕ್ಸ್ ಇತ್ತು. ಕುಶಾಲನಗರದ ಕಡೆ ಲೈನ್ ಗಟ್ಟಿ, ಅಲ್ಲಿ 30 ಸೆಕೆಂಡ್ ಸುಮ್ನೆ ಕಾಯೋದು. ಭಾಗಮಂಡಲದ ಕಡೆ ಜುಲೈಲಿ ಮಳೆ ಹಿಡೀತು ಅಂದ್ರೆ ಬೀಟ್ 25 ಸೆಕೆಂಡಿಗೂ ಬರುತ್ತೆ 35ಕ್ಕೂ ಬರುತ್ತೆ, ಬದುಕಿರೋ ಬಾಕ್ಸನ್ನ ಸತ್ತಿದೆ ಅಂತ ಹೇಳಿ ಪಾಪ ರೈಟರನ್ನ ಕೊಡೆ ಹಿಡ್ಕೊಂಡು ಓಡಿಸೋದು. ಟೈಮೌಟ್ 60 ಮಾಡಿದ್ರೆ ಕುಶಾಲನಗರಕ್ಕೆ ಅನ್ಯಾಯ.

ಅದಕ್ಕೇ ಫೈ ಅಕ್ರುಯಲ್ ಡಿಟೆಕ್ಟರ್‌ಗೆ ಹೋಗಿದ್ದು. ಹಯಾಶಿಬಾರ ಮತ್ತವರ ಜೊತೆಗಾರರು 2004ರಲ್ಲಿ ಬರೆದಿದ್ದು, ಕಸಾಂಡ್ರ ಡೇಟಾಬೇಸ್, ಅಕ್ಕ ಅನ್ನೋ ಟೂಲ್‌ಕಿಟ್ ಎರಡರಲ್ಲೂ ಇದೆ. ಬದುಕಿದೆಯಾ ಸತ್ತಿದೆಯಾ ಅಂತ ಹೇಳಲ್ಲ ಇದು, ಅನುಮಾನ ಎಷ್ಟು ಅಂತ ಒಂದು ನಂಬರ್ ಕೊಡುತ್ತೆ ಅಷ್ಟೆ. ಹಿಂದಿನ ಬೀಟ್‌ಗಳ ನಡುವಿನ ಗ್ಯಾಪ್‌ಗಳನ್ನ ಇಟ್ಕೊಂಡು, ಈ ಬಾಕ್ಸ್ ಕೊನೇ ಬೀಟ್ ಆದ್ಮೇಲೆ gap ಸೆಕೆಂಡ್ ಸುಮ್ಮನಿದ್ದೂ ಇನ್ನು ಮೇಲೆ ಬೀಟ್ ಕಳಿಸೋ ಸಾಧ್ಯತೆ ಎಷ್ಟು ಅಂತ ನೋಡುತ್ತೆ:

```
z = (gap - mean) / max(std, 0.5)
phi = -log10(max(0.5 * erfc(z / sqrt(2)), 1e-300))
```

ಫೈ 1 ಅಂದ್ರೆ ಸತ್ತಿದೆ ಅಂದಿದ್ದು ಹತ್ತರಲ್ಲಿ ಒಂದು ಸಲ ತಪ್ಪಾಗಬಹುದು, 3 ಅಂದ್ರೆ ಸಾವಿರಕ್ಕೊಂದು, 8 ಅಂದ್ರೆ ಹತ್ತು ಕೋಟಿಗೊಂದು. ಇದು ಕಾಗದದ ಮೇಲಿನ ಲೆಕ್ಕ, ಕೊಡಗಿನ ಮಳೆ ನಾರ್ಮಲ್ ಕರ್ವ್ ಓದ್ಕೊಂಡು ಬರಲ್ಲ. ಆದ್ರೂ ಫೈ 8 ಅಂದ್ರೆ ಸರಾಸರಿಗಿಂತ ಸುಮಾರು 5.6 ಸ್ಟ್ಯಾಂಡರ್ಡ್ ಡೀವಿಯೇಷನ್ ಆಚೆ. ಕುಶಾಲನಗರದಲ್ಲಿ ಸರಾಸರಿ 10, ಡೀವಿಯೇಷನ್ 0.5, ಹಂಗಾಗಿ 13 ಸೆಕೆಂಡ್ ಒಳಗೇ ತೀರ್ಪು. ಭಾಗಮಂಡಲದಲ್ಲಿ 12 ಮತ್ತು 6, ಹಂಗಾಗಿ 46 ಸೆಕೆಂಡ್ ತನಕ ತಾಳ್ಮೆ. ಕೋಡ್ ಒಂದೇ, ಥ್ರೆಶೋಲ್ಡೂ ಒಂದೇ. ಆ 0.5 ಕನಿಷ್ಠ ಮಿತಿ ಬೇಕೇ ಬೇಕು, ಇಲ್ದಿದ್ರೆ ತುಂಬಾ ಶಿಸ್ತಿನ ಬಾಕ್ಸ್ ಅರ್ಧ ಸೆಕೆಂಡ್ ತಡ ಮಾಡಿದ್ರೂ ಫೈ ಮುಗಿಲಿಗೆ ಹೋಗುತ್ತೆ.

ನಿಜವಾದ ತಲೆನೋವು ಕರೆಂಟು. ಬಾಕ್ಸ್ 40 ನಿಮಿಷ ಆಫ್ ಆಗಿ ವಾಪಸ್ ಬಂತು ಅಂದ್ಕೊಳ್ಳಿ, ಆ 2400 ಸೆಕೆಂಡಿನ ಗ್ಯಾಪೂ ನಾವು ಇಟ್ಕೊಳ್ಳೋ ಕೊನೇ 200 ಗ್ಯಾಪ್‌ಗಳ ಸಾಲಲ್ಲಿ ಸೇರಿದ್ರೆ ಸರಾಸರಿ 22ಕ್ಕೆ ಏರುತ್ತೆ, ಡೀವಿಯೇಷನ್ 169 ಹತ್ರ ಹೋಗುತ್ತೆ, ಮುಂದಿನ ಸಲ ಅದು ನಿಜವಾಗಿ ಸತ್ರೆ ನಮಗೆ ಗೊತ್ತಾಗೋದು 16 ನಿಮಿಷ ಆದ್ಮೇಲೆ! ಆ ಒಂದು ಗ್ಯಾಪ್ ಸಾಲಿಂದ ಹೊರಗೆ ಹೋಗೋಕೆ ಅರ್ಧ ಗಂಟೆ ಮೇಲೆ ಬೇಕು, ಅಷ್ಟರಲ್ಲಿ ಇನ್ನೊಂದು ಸಲ ಕರೆಂಟ್ ಹೋಗದೇ ಇರೋ ಊರು ನಮ್ಮಲ್ಲಿ ಯಾವುದಿದೆ ಹೇಳಿ. ಹಂಗಾಗಿ ಸತ್ತಿದೆ ಅಂತ ಘೋಷಿಸಿದ ಮೇಲೆ ಬಂದ ಮೊದಲ ಗ್ಯಾಪನ್ನ ಲೆಕ್ಕಕ್ಕೇ ಸೇರಿಸಲ್ಲ ನಾವು. ಫೈ ಹಾಕಿದ ಮೇಲೂ ಸಾವು ಲೇಟಾಗಿ ಗೊತ್ತಾಗ್ತಿದ್ರೆ ಮೊದಲು ಆ ಬಾಕ್ಸಿನ ಡೀವಿಯೇಷನ್ ಪ್ರಿಂಟ್ ಮಾಡಿ ನೋಡಿ.

ನನಗೆ ಜಾಸ್ತಿ ಇಷ್ಟ ಆಗಿದ್ದು ಬೇರೆ. ಫೈ 3 ದಾಟಿದ್ರೆ ಆ ಬಾಕ್ಸಿಗೆ ಹೊಸ ಕೆಲಸ ಕೊಡಲ್ಲ, 8 ದಾಟಿದ್ರೆ ಸೆನ್ಸರ್‌ಗಳನ್ನ ಪಕ್ಕದ್ದಕ್ಕೆ ಕೊಡ್ತೀವಿ, ರೈಟರಿಗೆ ಮೆಸೇಜ್ ಹೋಗೋದು 12ಕ್ಕೆ. ಟವರ್ ಬಿದ್ದಿದೆಯೋ ಬಾಕ್ಸೇ ಸುಟ್ಟಿದೆಯೋ ಅನ್ನೋದು ಫೈಗೆ ಗೊತ್ತಾಗಲ್ಲ, ಅದಕ್ಕೆ ಈಗಲೂ ರೈಟರಿಗೇ ಫೋನ್ ಮಾಡಿ ಕೇಳ್ಬೇಕು.