ನಾಲ್ಕು, ನಾಲ್ಕು, ಎಂಟು: ಫೋನ್ ಹಿಡಿದು ಫ್ರೇಮ್ ಎಣಿಸಿದ ನನ್ನ ಅನುಭವ

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನನ್ನದೊಂದು ಸಣ್ಣ ಗೇಮ್ ಪಾರ್ಲರ್ ಇದೆ. ಮೂರು ಟಿವಿ, ಮೂರು ಪಿಎಸ್5. ಕಾಲೇಜು ಬಿಟ್ಟ ಮೇಲೆ ಹುಡುಗರು ಬಂದು ಗಂಟೆ ಲೆಕ್ಕದಲ್ಲಿ ಆಡುತ್ತಾರೆ. ಒಂದು ಸಂಜೆ ಎರಡನೇ ಟಿವಿ ಮುಂದೆ ಕೂತಿದ್ದ ಹುಡುಗ ಕಂಟ್ರೋಲರ್ ಕೆಳಗಿಟ್ಟ. "ಅಣ್ಣಾ, ನಿನ್ನೆ ಚೊಲೊ ಓಡ್ತಿತ್ತು. ಇವತ್ತ್ ಯಾಕ್ ಹಿಂಗ ಜಗ್ಗಾಕತ್ತೈತ್ರಿ?"

ಆಟ ಸ್ಪೈಡರ್-ಮ್ಯಾನ್: ಮೈಲ್ಸ್ ಮೊರಾಲೆಸ್. ಸೆಟ್ಟಿಂಗ್ಸ್ ತೆಗೆದು ನೋಡಿದೆ. ಅವನಿಗಿಂತ ಮೊದಲು ಆಡಿದವರು ಯಾರೋ ಪರ್ಫಾರ್ಮೆನ್ಸ್ ಮೋಡ್ ತೆಗೆದು ಫಿಡೆಲಿಟಿಗೆ ಹಾಕಿದ್ದರು. ವಾಪಸ್ ಹಾಕಿದೆ, ಹುಡುಗ ಸುಮ್ಮನಾದ. ಆದರೆ ನನಗೆ ಸಮಾಧಾನವಾಗಲಿಲ್ಲ. ಅರ್ಧ ಲಕ್ಷ ಕೊಟ್ಟು ತಂದ ಡಬ್ಬಿ "ಚಂದ ಬೇಕೋ, ವೇಗ ಬೇಕೋ" ಅಂತ ನನ್ನನ್ನೇ ಕೇಳುತ್ತದಲ್ಲ, ಯಾಕೆ?

ಆ ರಾತ್ರಿ ಶಟರ್ ಎಳೆದ ಮೇಲೆ ಫೋನಿನ ಸ್ಲೋ ಮೋಷನ್ ಆನ್ ಮಾಡಿ ಟಿವಿ ಮುಂದೆ ಕೂತೆ. ಲೆಕ್ಕ ಸುಲಭ. ಫೋನ್ ಸೆಕೆಂಡಿಗೆ 240 ಚಿತ್ರ ತೆಗೆಯುತ್ತದೆ. ಆಟ ಸೆಕೆಂಡಿಗೆ 60 ಫ್ರೇಮ್ ಕೊಟ್ಟರೆ ಒಂದೊಂದು ಫ್ರೇಮ್ ಫೋನಿನ 4 ಚಿತ್ರಗಳಲ್ಲಿ ಅಲುಗಾಡದೆ ನಿಲ್ಲಬೇಕು. 30 ಕೊಟ್ಟರೆ 8ರಲ್ಲಿ. ಆಟದ ಕ್ಯಾಮೆರಾವನ್ನು ಒಂದೇ ಸಮ ತಿರುಗಿಸುತ್ತಾ ವಿಡಿಯೊ ಮಾಡಿಕೊಂಡೆ. ಆಮೇಲೆ ಅದನ್ನು ಒಂದೊಂದೇ ಚಿತ್ರ ಸರಿಸುತ್ತಾ, ರಸ್ತೆಯ ದೀಪದ ಕಂಬ ಎಷ್ಟು ಚಿತ್ರ ನಿಂತು ಪಕ್ಕಕ್ಕೆ ಜಿಗಿಯುತ್ತದೆ ಅಂತ ಎಣಿಸಿದೆ.

ಮೊದಲ ದಿನದ ಲೆಕ್ಕವೆಲ್ಲ ತಪ್ಪಿತು. ಯಾವ ಮೋಡ್ ಹಾಕಿದರೂ 4 ಬರುತ್ತಿತ್ತು. ತಲೆ ಕೆಟ್ಟು ಮಲಗಿದೆ. ಬೆಳಗ್ಗೆ ಹೊಳೆಯಿತು: ಟಿವಿಯ ಮೋಷನ್ ಸ್ಮೂದಿಂಗ್ ಆನ್ ಇತ್ತು. ಎರಡು ಫ್ರೇಮ್ ನಡುವೆ ಟಿವಿ ತಾನೇ ಒಂದು ಫ್ರೇಮ್ ಕಟ್ಟಿ ತುಂಬಿಸುತ್ತಿತ್ತು. ನೀವು ಎಣಿಸುವುದಾದರೆ ಮೊದಲು ಟಿವಿಯನ್ನು ಗೇಮ್ ಮೋಡ್‌ಗೆ ಹಾಕಿ, ಆ ಸ್ಮೂದಿಂಗ್ ನಿಜಕ್ಕೂ ಆಫ್ ಆಗಿದೆಯಾ ನೋಡಿ.

ಅದಾದ ಮೇಲೆ ಫಿಡೆಲಿಟಿಯಲ್ಲಿ 8, 8, 8 ಬಂತು. ಪರ್ಫಾರ್ಮೆನ್ಸ್‌ನಲ್ಲಿ 4, 4, 4.

ಇದರ ಹಿಂದಿರುವುದು ಸಮಯದ ಲೆಕ್ಕ. 60 ಫ್ರೇಮ್ ಬೇಕೆಂದರೆ ಒಂದು ಫ್ರೇಮ್ ತಯಾರಿಸಲು 16.7 ಮಿಲಿಸೆಕೆಂಡ್ ಮಾತ್ರ ಸಿಗುತ್ತದೆ. 30 ಸಾಕೆಂದರೆ 33.3. ಇನ್ನೊಂದು ಕಡೆ, 4ಕೆ ಚಿತ್ರದಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್ ಇರುತ್ತವೆ. 1440ಪಿಯಲ್ಲಿ ಸುಮಾರು 37 ಲಕ್ಷ, ಅಂದರೆ ಅರ್ಧಕ್ಕಿಂತಲೂ ಕಡಿಮೆ. ಜೊತೆಗೆ ಫಿಡೆಲಿಟಿಯಲ್ಲಿ ರೇ ಟ್ರೇಸಿಂಗ್ ಕೂಡ ಇದೆ. ಗಾಜಿನ ಕಟ್ಟಡದಲ್ಲಿ ಎದುರಿನ ಬೀದಿ ಕಾಣುತ್ತದಲ್ಲ, ಅದು. ಅಷ್ಟೆಲ್ಲ ಕೆಲಸವನ್ನು 16.7ರಲ್ಲಿ ಮುಗಿಸುವ ಕಸುವು ಪಿಎಸ್5ರಲ್ಲಿ ಚಿತ್ರ ಬಿಡಿಸುವ ಚಿಪ್, ಅಂದರೆ ಜಿಪಿಯುಗೆ ಇಲ್ಲ. ಪಿಸಿಯಾದರೆ ದೊಡ್ಡ ಕಾರ್ಡ್ ತಂದು ಕೂರಿಸಬಹುದು. ಇಲ್ಲಿ ಅದು ಆಗದ ಮಾತು, ಇದ್ದುದರಲ್ಲೇ ಹಂಚಿಕೊಳ್ಳಬೇಕು.

ಇಷ್ಟಾದಾಗ ಎಲ್ಲ ತಿಳಿಯಿತು ಅಂದುಕೊಂಡೆ. ಪಿಕ್ಸೆಲ್ ಕಡಿಮೆ ಮಾಡಿದರೆ ವೇಗ ಬರುತ್ತದೆ, ಅಷ್ಟೇ ಅಲ್ವಾ?

ಅಲ್ಲ. ಪಾರ್ಲರ್‌ನಲ್ಲಿ ಇನ್ನೊಂದು ಆಟ ಇದೆ, ಹೆಸರು ಬೇಡ. ಕಾಡಿನಲ್ಲಿ ಶುರುವಾಗಿ ಆಮೇಲೆ ದೊಡ್ಡ ಪೇಟೆಗೆ ಹೋಗುವ ಆಟ. ಪರ್ಫಾರ್ಮೆನ್ಸ್ ಮೋಡ್‌ನಲ್ಲಿ, ದಟ್ಟ ಹುಲ್ಲಿನ ನಡುವೆ ಕೂಡ, 4, 4, 4 ಬರುತ್ತಿತ್ತು. ಪೇಟೆಯೊಳಗೆ ಕಾಲಿಟ್ಟ ಕೂಡಲೇ 4, 8, 4, 4, 8. ಟಿವಿ ಸೆಕೆಂಡಿಗೆ 60 ಸಲ ಹೊಸ ಚಿತ್ರ ಕೇಳುತ್ತದೆ. ಕನ್ಸೋಲ್ ಒಂದು ಮಿಲಿಸೆಕೆಂಡ್ ತಡ ಮಾಡಿದರೂ ಆ ಸರದಿ ತಪ್ಪುತ್ತದೆ, ಹಳೆಯ ಚಿತ್ರವೇ ಇನ್ನೊಂದು ಸರದಿ ನಿಲ್ಲುತ್ತದೆ. ಕಣ್ಣಿಗೆ ಜಗ್ಗಿದಂತೆ ಕಾಣುವುದು ಆ ನಡುನಡುವಿನ 8.

ಜಿಪಿಯುಗೆ ಭಾರವಾಗಿದೆಯೇನೋ ಅಂತ ಕ್ಯಾಮೆರಾವನ್ನು ಖಾಲಿ ಗೋಡೆಯ ಕಡೆ ತಿರುಗಿಸಿದೆ. ಬಿಡಿಸಬೇಕಾದ್ದು ಬರೀ ಗೋಡೆ. ಆದರೂ 4, 8, 4. ಕ್ವಾಲಿಟಿ ಮೋಡ್‌ಗೆ ಹಾಕಿ ಅದೇ ಜಾಗದಲ್ಲಿ ಎಣಿಸಿದೆ. ಪಿಕ್ಸೆಲ್ ಜಾಸ್ತಿ, ಆದರೆ ಒಂದೇ ಸಮ 8, 8, 8.

ಇಲ್ಲಿ ತಡವಾಗುತ್ತಿರುವುದು ಬೇರೆ ಕಡೆ. ಪೇಟೆಯ ಒಬ್ಬೊಬ್ಬ ಮನುಷ್ಯ ಎಲ್ಲಿಗೆ ನಡೆಯಬೇಕು, ಯಾರಿಗೆ ದಾರಿ ಬಿಡಬೇಕು ಎಂಬುದನ್ನೆಲ್ಲ ಪ್ರತಿ ಸಲ ಲೆಕ್ಕ ಹಾಕುವುದು ಸಿಪಿಯು. ನಾನು ಗೋಡೆ ನೋಡುತ್ತಾ ನಿಂತರೂ ಬೆನ್ನ ಹಿಂದೆ ಅವರು ಓಡಾಡುತ್ತಲೇ ಇರುತ್ತಾರೆ. ನಮ್ಮ ಖಾನಾವಳಿ ನೆನಪಿಸಿಕೊಳ್ಳಿ. ರೊಟ್ಟಿ ಸಣ್ಣದು ಮಾಡಿದರೆ ಹಂಚಿನ ಮೇಲೆ ಬೇಗ ಬೇಯುತ್ತದೆ, ನಿಜ. ಆದರೆ ಪಂಕ್ತಿಯಲ್ಲಿ ಕೂತವರನ್ನು ಏನು ಬೇಕು ಅಂತ ಕೇಳುವವನು ಒಬ್ಬನೇ ಇದ್ದರೆ, ರೊಟ್ಟಿ ಎಷ್ಟು ಸಣ್ಣದಾದರೂ ಅವನ ಕಾಲು ಜೋರಾಗುವುದಿಲ್ಲ. ನನ್ನ ಎಣಿಕೆ ಇನ್ನೊಂದು ಸುಳಿವನ್ನೂ ಕೊಟ್ಟಿತು: ಪೇಟೆಯಲ್ಲಿ ಆ ಸಿಪಿಯು ಕೆಲಸಕ್ಕೆ ಎಷ್ಟೋ ಸಲ 16.7 ಮಿಲಿಸೆಕೆಂಡ್ ಸಾಲುತ್ತಿಲ್ಲ, ಆದರೆ 33.3 ಸಾಕಾಗುತ್ತಿದೆ.

ಆಗ ಸ್ಪೈಡರ್-ಮ್ಯಾನ್‌ನ ಮೂರನೇ ಮೋಡ್ ನೆನಪಾಯಿತು. 2020ರ ಡಿಸೆಂಬರ್‌ನ ಅಪ್‌ಡೇಟ್‌ನಲ್ಲಿ ಬಂದದ್ದು, ಹೆಸರು ಪರ್ಫಾರ್ಮೆನ್ಸ್ ಆರ್‌ಟಿ. 60 ಫ್ರೇಮೂ ಇದೆ, ರೇ ಟ್ರೇಸಿಂಗೂ ಇದೆ. ಇದು ಹೇಗೆ ಸಾಧ್ಯವಾಯಿತು? ಆಟ ಮಾಡಿದವರೇ ಹೇಳಿದ್ದಾರೆ: ರೆಸಲ್ಯೂಶನ್, ಪ್ರತಿಬಿಂಬದ ಗುಣಮಟ್ಟ, ಇವೆರಡರ ಜೊತೆಗೆ ಬೀದಿಯ ಜನಸಂದಣಿಯನ್ನೂ ಹೊಂದಿಸಿದ್ದಾರೆ. ಮೊದಲು ಓದಿದಾಗ ಆ ಜನಸಂದಣಿಯ ಮಾತು ನನಗೆ ತಮಾಷೆ ಅನಿಸಿತ್ತು. ಬೀದಿಯಲ್ಲಿ ಜನ ಕಡಿಮೆಯಾದರೆ ಸಿಪಿಯುಗೆ ಹಗುರ. ಪ್ರತಿಬಿಂಬಕ್ಕಾಗಿ ಹುಡುಕಬೇಕಾದ ಆಕಾರಗಳೂ ಕಡಿಮೆ. ಪಿಕ್ಸೆಲ್ ಕತ್ತರಿಸಿದರೆ ಮಾತ್ರ ಸಾಲುವುದಿಲ್ಲ ಅಂತ ಅವರಿಗೆ ಗೊತ್ತಿತ್ತು.

ಹಾಗಾದರೆ ಪಿಎಸ್5 ಪ್ರೊ ತಂದರೆ ನನ್ನ ಪೇಟೆಯ ಆಟ ಸರಿಹೋಗುತ್ತಾ? ಗಿರಾಕಿಗಳು ಇದನ್ನೇ ಕೇಳುತ್ತಾರೆ. 2024ರ ನವೆಂಬರ್‌ನಲ್ಲಿ ಬಂದ ಆ ಮಾಡೆಲ್‌ನಲ್ಲಿ ಚಿತ್ರ ಬಿಡಿಸುವ ವೇಗ 45 ಶೇಕಡಾದವರೆಗೆ ಜಾಸ್ತಿ ಅಂತ ಸೋನಿ ಹೇಳಿದೆ. ಸಿಪಿಯು ಮಾತ್ರ ಅದೇ ಜೆನ್ 2. ಗಡಿಯಾರದ ವೇಗ 3.5 ಗಿಗಾಹರ್ಟ್ಸ್‌ನಿಂದ 3.85ರವರೆಗೆ ಏರಬಹುದು, ಅಂದರೆ 10 ಶೇಕಡಾ. ಕಾಡು ಇನ್ನೂ ಚಂದ ಕಾಣಬಹುದು. ಪೇಟೆಯಲ್ಲಿ ಮಾತ್ರ ದೊಡ್ಡ ವ್ಯತ್ಯಾಸ ಆಗಲಿಕ್ಕಿಲ್ಲ. ಹಾಗಾಗಿ ನಾನು ತರಲಿಲ್ಲ.

ದುಡ್ಡು ಹಾಕಿದ್ದು ಟಿವಿಗೆ. ಮೂರನೆಯದು ಈಗ 120 ಹರ್ಟ್ಸ್, ಅಂದರೆ ಸೆಕೆಂಡಿಗೆ 120 ಸಲ ಹೊಸ ಚಿತ್ರ ಕೇಳುತ್ತದೆ. ಅದರಲ್ಲಿ 40 ಫ್ರೇಮ್ ಮೋಡ್ ಇರುವ ಆಟಗಳು ಚೆನ್ನಾಗಿ ಓಡುತ್ತವೆ. ರ‍್ಯಾಚೆಟ್ ಆ್ಯಂಡ್ ಕ್ಲ್ಯಾಂಕ್: ರಿಫ್ಟ್ ಅಪಾರ್ಟ್ ಅಂಥದ್ದೊಂದು. 40 ಅಂದರೆ ಫ್ರೇಮಿಗೆ 25 ಮಿಲಿಸೆಕೆಂಡ್, 16.7 ಮತ್ತು 33.3ರ ಸರಿಯಾದ ನಡು. 120ನ್ನು 40ರಿಂದ ಭಾಗಿಸಿದರೆ 3, ಶೇಷವಿಲ್ಲ. ಹಾಗಾಗಿ ಫೋನಿನಲ್ಲಿ ಎಣಿಸಿದರೆ 6, 6, 6. ಹಳೆಯ 60 ಹರ್ಟ್ಸ್ ಟಿವಿಯಲ್ಲಿ ಈ ಭಾಗಾಕಾರ ಕೂಡುವುದಿಲ್ಲ.

ಎರಡನೇ ಟಿವಿಯಲ್ಲಿ ಆ ಪೇಟೆಯ ಆಟಕ್ಕೆ ಕಾಡಿನವರೆಗೆ ಪರ್ಫಾರ್ಮೆನ್ಸ್, ಪೇಟೆಯಲ್ಲಿ ಕ್ವಾಲಿಟಿ. ಜಿಗಿದಾಡುವ 45ಕ್ಕಿಂತ ಒಂದೇ ಸಮ ನಡೆಯುವ 30 ನನ್ನ ಕಣ್ಣಿಗೆ ಹಿತ. ಒಪ್ಪದ ಹುಡುಗರೂ ಇದ್ದಾರೆ. ಅವತ್ತು ದೂರು ಹೇಳಿದ ಹುಡುಗ ಈಗ ಕೋಟೆ ಬಾಗಿಲ ಹತ್ತಿರ ಬಂದ ಕೂಡಲೇ ಆಟ ನಿಲ್ಲಿಸಿ ಕೂಗುತ್ತಾನೆ: "ಅಣ್ಣಾ, ಪ್ಯಾಟಿ ಬಂತ್ರಿ, ಮೋಡ್ ಬದ್ಲಿ ಮಾಡ್ರಿ!"